ಪ್ಯಾನಿಕ್ ಅಟ್ಯಾಕ್: ಹಾರ್ಟ್ ಅಟ್ಯಾಕ್ ಹಾಗೇ ಅನಿಸುವ ದಿಗಿಲು

2025ರ ಜುಲೈ. ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ದಿನವೂ ಟಿವಿಯಲ್ಲಿ ಬರುತ್ತಿತ್ತು. ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಬಂದವರ ಸಾಲು ಬೆಳೆಯುತ್ತಲೇ ಇತ್ತು. ಆಗಲೇ ಒಂದು ರಾತ್ರಿ ಹನ್ನೊಂದು ಗಂಟೆಗೆ ನನ್ನ ತಮ್ಮ ಹಾಸಿಗೆಯಿಂದ ಎದ್ದು ಕೂತ. "ಅಕ್ಕಾ, ನನಗೂ ಆಗ್ತಾ ಇದೆ" ಎಂದ. ಅವನಿಗೆ ಮೂವತ್ತೊಂದು ವರ್ಷ.

ಬನಿಯನ್ ಒದ್ದೆಯಾಗಿತ್ತು. ಎದೆ ಹೊಡೆದುಕೊಳ್ಳುವುದು ಕತ್ತಿನ ನರದಲ್ಲೇ ಕಾಣುತ್ತಿತ್ತು. ಎದೆಯನ್ನು ಯಾರೋ ಹಗ್ಗ ಹಾಕಿ ಬಿಗಿದ ಹಾಗಿದೆ, ಉಸಿರು ಸಾಲುತ್ತಿಲ್ಲ ಎನ್ನುತ್ತಿದ್ದ. ಅಮ್ಮ "ಗ್ಯಾಸ್ ಇರ್ಬೇಕು ಕಣೋ" ಎಂದು ಜೀರಿಗೆ ನೀರು ಕಾಯಿಸಲು ಹೋದರು. ನನಗೆ ಹೆದರಿಕೆಯಾಗಿದ್ದು ಅವನ ಕೈ ನೋಡಿ. ತುತ್ತು ಮಾಡುವಾಗ ಸೇರಿಸುತ್ತೇವಲ್ಲ, ಹಾಗೆ ಐದೂ ಬೆರಳು ಒಟ್ಟಾಗಿ ಸೆಟೆದುಕೊಂಡಿದ್ದವು. ಬಿಡಿಸಲು ಹೋದರೆ ಬರುತ್ತಿರಲಿಲ್ಲ.

ಆಸ್ಪತ್ರೆ ತಲುಪುವ ಹೊತ್ತಿಗೆ ಅರ್ಧ ಗಂಟೆಯಾಗಿತ್ತು, ಮುಕ್ಕಾಲು ಪಾಲು ಇಳಿದಿತ್ತು. ನಾಡಿ ಮಾತ್ರ ಇನ್ನೂ 118. ಇಸಿಜಿ ಸರಿಯಿತ್ತು. ಬೆರಳಿಗೆ ಹಾಕುವ ಕ್ಲಿಪ್ಪಿನಲ್ಲಿ ಆಮ್ಲಜನಕ 99. ಡಾಕ್ಟರ್ ಅಷ್ಟಕ್ಕೇ ಬಿಡಲಿಲ್ಲ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೊನಿನ್ ಎಂಬ ಪ್ರೋಟೀನನ್ನು ಎರಡು ಸಲ, ಮೂರು ಗಂಟೆ ಬಿಟ್ಟು, ನೋಡಿದರು. ಎರಡೂ ಸಲ ಏರಿರಲಿಲ್ಲ. ಆಮೇಲೆ ಹೇಳಿದರು: "ಇದು ಪ್ಯಾನಿಕ್ ಅಟ್ಯಾಕ್."

ಎರಡರಲ್ಲೂ 'ಅಟ್ಯಾಕ್' ಇರುವುದರಿಂದಲೇ ಅರ್ಧ ಗೊಂದಲ. ಹಾರ್ಟ್ ಅಟ್ಯಾಕ್‌ನಲ್ಲಿ ಹೃದಯಕ್ಕೇ ರಕ್ತ ಕೊಡುವ ನಾಳದಲ್ಲಿ ಹೆಪ್ಪು ಕಟ್ಟಿ, ಅದರಾಚೆಯ ಸ್ನಾಯು ಸಾಯಲು ಶುರುವಾಗುತ್ತದೆ. ಪ್ಯಾನಿಕ್ ಅಟ್ಯಾಕ್‌ನಲ್ಲಿ ನಾಳ ಕಟ್ಟಿಕೊಂಡಿರುವುದಿಲ್ಲ. ಎದುರಿಗೆ ಅಪಾಯ ಇಲ್ಲದಿದ್ದರೂ ಮೈ ಅಪಾಯದ ಗಂಟೆ ಬಾರಿಸುತ್ತದೆ. ನಮ್ಮ 'ದಿಗಿಲು' ಎಂಬ ಮಾತು ಇದಕ್ಕೆ ಹತ್ತಿರ. ಆದರೆ ಹಾವು ಕಂಡು ದಿಗಿಲಾದರೆ ಕಾರಣ ಕಣ್ಣೆದುರಿಗೇ ಇರುತ್ತದೆ. ಇಲ್ಲಿ ಹಾವೇ ಕಾಣುವುದಿಲ್ಲ. ನಿದ್ದೆಯಿಂದ ಎಬ್ಬಿಸಿಯೂ ಬರಬಹುದು.

ಹಾಗಾದರೆ ಆ ಬೆವರು, ಆ ಬಡಿತ ಸುಮ್ನೆ ಭ್ರಮೆಯಾ? ಅಲ್ಲ. ಪ್ರತಿಯೊಂದೂ ಮೈಯಲ್ಲಿ ನಿಜವಾಗಿ ನಡೆಯುವುದೇ.

ಮಿದುಳು 'ಅಪಾಯ' ಎಂದೊಡನೆ ನರಗಳಿಗೆ ಸುದ್ದಿ ಹೋಗುತ್ತದೆ. ಮೂತ್ರಪಿಂಡದ ಮೇಲೆ ಕೂತಿರುವ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಓಡಲು ಕಾಲಿಗೆ ರಕ್ತ ಬೇಕು, ಅದಕ್ಕೇ ಹೃದಯ ಜೋರಾಗಿ ಬಡಿಯುತ್ತದೆ. ಓಡಿದರೆ ಮೈ ಕಾಯುತ್ತದೆ, ಅದಕ್ಕೇ ಮುಂಚಿತವಾಗಿ ಬೆವರು. ನಿಜವಾಗಿ ಓಡಿದ್ದರೆ ಇವು ಯಾವುವೂ ನಮ್ಮ ಗಮನಕ್ಕೆ ಬರುತ್ತಿರಲಿಲ್ಲ. ಮಲಗಿದ ಕಡೆಯೇ ಆದಾಗ ಬೆಚ್ಚಿಬೀಳುತ್ತೇವೆ.

ಎದೆ ಬಿಗಿತಕ್ಕೂ ಸೆಟೆದ ಬೆರಳಿಗೂ ಹೆಚ್ಚಾಗಿ ಕಾರಣ ಉಸಿರು. ಸುಮ್ಮನೆ ಕೂತವರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತಾರೆ. ಗಾಬರಿಯಲ್ಲಿ ಅದು ಮೂವತ್ತು ಆಗಬಹುದು, ಅದೂ ಎದೆಯ ಮೇಲ್ಭಾಗದಿಂದ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಬಿಡುವಿಲ್ಲದೆ ದುಡಿದು ಬಿಗಿದುಕೊಳ್ಳುತ್ತವೆ, ನೋಯುತ್ತವೆ. ಅದೇ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ. ಅದು ಕಡಿಮೆಯಾದರೆ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಸುತ್ತುತ್ತದೆ. ರಕ್ತ ಸ್ವಲ್ಪ ಕ್ಷಾರದ ಕಡೆ ವಾಲಿ, ನರಗಳಿಗೆ ಸಿಗುವ ಕ್ಯಾಲ್ಸಿಯಂ ಇಳಿಯುತ್ತದೆ. ಆಗಲೇ ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು. ಇನ್ನೂ ಮುಂದೆ ಹೋದರೆ ಬೆರಳು ಸೆಟೆಯುವುದು. ಉಸಿರು ಸಾಲುತ್ತಿಲ್ಲ ಎಂದ ತಮ್ಮನಿಗೆ ನಿಜವಾಗಿ ಉಸಿರು ಜಾಸ್ತಿಯಾಗಿತ್ತು.

ಇದೆಲ್ಲವನ್ನೂ ಒಂದು ಸುಳಿಯಾಗಿ ಮಾಡುವುದು ಒಂದೇ ಒಂದು ಯೋಚನೆ: 'ನಾನು ಸಾಯ್ತೀನಿ'. ಬಡಿತ ಕೇಳಿ ಆ ಯೋಚನೆ ಬರುತ್ತದೆ, ಯೋಚನೆಯಿಂದ ಇನ್ನಷ್ಟು ಅಡ್ರಿನಲಿನ್, ಅದರಿಂದ ಇನ್ನಷ್ಟು ಬಡಿತ. ಡೇವಿಡ್ ಕ್ಲಾರ್ಕ್ ಎಂಬ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು 1986ರಲ್ಲಿ ಈ ಸುಳಿಯನ್ನು ಬಿಡಿಸಿ ವಿವರಿಸಿದರು. ಹಾಸನದ ಸುದ್ದಿ ನೋಡುತ್ತಾ ಮಲಗಿದವನಿಗೆ ಅಂಥ ಯೋಚನೆ ಸಿದ್ಧವಾಗಿಯೇ ಇತ್ತು.

ಈಗ ಮುಖ್ಯ ಪ್ರಶ್ನೆ. ಮನೆಯಲ್ಲೇ ಗುರುತಿಸಬಹುದಾ? ಸುಳಿವುಗಳಿವೆ. ಪ್ಯಾನಿಕ್ ಥಟ್ಟನೆ ಬಂದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟುತ್ತದೆ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಹಾರ್ಟ್ ಅಟ್ಯಾಕ್‌ನ ನೋವು ಎದೆ ನಡುವೆ ಕಲ್ಲು ಇಟ್ಟ ಹಾಗೆ ಭಾರ. ತೋಳು, ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗಕ್ಕೆ ಹರಡಬಹುದು. ಮೆಟ್ಟಿಲು ಹತ್ತುವಾಗ ಬಂದು, ಕೂತರೆ ಕಡಿಮೆಯಾಗುವ ಎದೆನೋವು ಹೃದಯದ್ದೇ ಇರುವ ಸಾಧ್ಯತೆ ಜಾಸ್ತಿ. ಬೆರಳಿನಿಂದ ಒತ್ತಿದ ಜಾಗದಲ್ಲೇ ನೋಯುವುದು, ಬಾಯಿ ಸುತ್ತ ಜುಮುಗುಡುವುದು ಪ್ಯಾನಿಕ್ ಕಡೆಗೆ ಬೊಟ್ಟು ಮಾಡುತ್ತವೆ.

ಆದರೆ ಈ ಸುಳಿವುಗಳನ್ನು ನಂಬಿ ಮನೆಯಲ್ಲಿ ಕೂರಬಾರದು ಎಂದೇ ನಾನು ಹೇಳುತ್ತೇನೆ. ಸಕ್ಕರೆ ಕಾಯಿಲೆ ಇದ್ದವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಎಷ್ಟೋ ಸಲ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ವಾಂತಿ ಬಂದ ಹಾಗಾಗಿ ಹಾರ್ಟ್ ಅಟ್ಯಾಕ್ ಆಗುತ್ತದೆ. ನಿಜವಾದ ಹಾರ್ಟ್ ಅಟ್ಯಾಕ್ ಆದವರೂ ಬೆವರುತ್ತಾರೆ, ಗಾಬರಿಯಾಗುತ್ತಾರೆ. ಮೊದಲ ಇಸಿಜಿ ಸರಿಯಿದ್ದು ಆಮೇಲೆ ಬದಲಾಗುವುದೂ ಉಂಟು. ಹೀಗೆ ಮೊದಲ ಸಲ ಆದಾಗ, ಅಥವಾ ಹಿಂದಿನ ಸಲಕ್ಕಿಂತ ಬೇರೆ ಥರ ಇದ್ದಾಗ, 108ಕ್ಕೆ ಫೋನ್ ಮಾಡಿ. ತಾಲ್ಲೂಕು ಆಸ್ಪತ್ರೆಯಾದರೂ ಸರಿ, ಇಸಿಜಿ ಆಗಲಿ. ಪೇಪರ್ ಚೀಲದೊಳಗೆ ಉಸಿರಾಡಿಸುವ ಹಳೇ ಉಪಾಯ ಮಾತ್ರ ಬೇಡ. ಅದು ಹೃದಯದ್ದೋ ಅಸ್ತಮಾವೋ ಆಗಿದ್ದರೆ ಆಮ್ಲಜನಕ ಇನ್ನೂ ಇಳಿಯುತ್ತದೆ.

ನನಗೆ ಬೇಸರ ತಂದಿದ್ದು ಆಮೇಲಿನ ಮಾತು. ಇಸಿಜಿ ನೋಡಿದ ನೆಂಟರೊಬ್ಬರು "ಏನೂ ಇಲ್ವಂತೆ, ಸುಮ್ನೆ ಹೆದರಿಸಿದ" ಎಂದರು. ಇತ್ತು. ಅದಕ್ಕೆ ಹೆಸರಿದೆ, ಚಿಕಿತ್ಸೆಯೂ ಇದೆ. ಎರಡು ವಾರದಲ್ಲಿ ತಮ್ಮನಿಗೆ ಇನ್ನೆರಡು ಸಲ ಬಂತು. ಬರಬಹುದೆಂಬ ಭಯಕ್ಕೇ ಬೈಕ್ ಬಿಟ್ಟ, ಕಾಫಿ ಬಿಟ್ಟ, ಮೆಟ್ಟಿಲು ಬಿಟ್ಟ. ಭಯ ಹೀಗೆ ಬದುಕನ್ನು ಕಿರಿದು ಮಾಡುತ್ತಾ ಹೋದಾಗ ಅದನ್ನು ಪ್ಯಾನಿಕ್ ಡಿಸಾರ್ಡರ್ ಎನ್ನುತ್ತಾರೆ. ನಾವು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆವು, ಅಲ್ಲಿಂದ ಮನೋವೈದ್ಯರ ಬಳಿ ಹೋದೆವು. ಅವರು ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಅದು ಜಾಸ್ತಿಯಾದರೂ ಎದೆ ಹೀಗೇ ಬಡಿಯುತ್ತದೆ. ಅದು ಸರಿಯಿತ್ತು. ಆಮೇಲೆ ಶುರುವಾಯಿತು ಮಾತಿನ ಚಿಕಿತ್ಸೆ.

ಅದರಲ್ಲಿ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಬೇಕೆಂದೇ ಬಡಿತ ಏರಿಸಿಕೊಳ್ಳಬೇಕು. ಒಂದು ನಿಮಿಷ ಮೆಟ್ಟಿಲು ಹತ್ತಿಳಿದು, ನಿಂತು, ಏನೂ ಮಾಡದೆ ಅದು ತಾನಾಗಿ ಇಳಿಯುವುದನ್ನು ನೋಡಬೇಕು. ಮೊದಲ ದಿನ ಅವನು ನನ್ನ ಕೈ ಹಿಡಿದುಕೊಂಡು ಹತ್ತಿದ. ನಾಲ್ಕನೇ ವಾರ ಒಬ್ಬನೇ ಮೇಲೆ ಹೋಗಿ, ತಾರಸಿಯಿಂದಲೇ ಕೂಗಿದ: "ಅಕ್ಕಾ, ಹೊಡ್ಕೊಳ್ತಾ ಇದೆ. ಇಳೀತಾ ಇದೆ."