ಪ್ಲಾಸ್ಮಾ ತೆಗೆಯೋದು ಸರಿ, ವಾಪಸ್ ಏನು ಹಾಕ್ತಾರೆ?

ಪ್ಲೇಟ್‌ಲೆಟ್ 12 ಸಾವಿರಕ್ಕೆ ಇಳಿದಿದೆ ಅಂದ ತಕ್ಷಣ ಮನೆಯವರೆಲ್ಲ ಕೇಳೋದು ಒಂದೇ, ಪ್ಲೇಟ್‌ಲೆಟ್ ಯಾಕೆ ಇನ್ನೂ ಹಾಕಿಲ್ಲ ಅಂತ. ಆದ್ರೆ ಟಿಟಿಪಿ ಅನ್ನೋ ಕಾಯಿಲೆ ಇದ್ರೆ, ಜೀವಕ್ಕೆ ಅಪಾಯ ಆಗೋವಷ್ಟು ರಕ್ತಸ್ರಾವ ಇಲ್ಲದೆ ಡಾಕ್ಟ್ರು ಪ್ಲೇಟ್‌ಲೆಟ್ ಹಾಕೋಕೆ ಹೋಗಲ್ಲ, ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡ್ತಾರೆ, ಅಂದ್ರೆ ರಕ್ತದ ದ್ರವ ಭಾಗವಾದ ಪ್ಲಾಸ್ಮಾ ತೆಗೆದು ಅದರ ಜಾಗಕ್ಕೆ ಬೇರೆ ದ್ರವ ಹಾಕ್ತಾರೆ. ಯಾಕಂದ್ರೆ ಇಲ್ಲಿ ಪ್ಲೇಟ್‌ಲೆಟ್ ತಯಾರಾಗ್ತಾನೇ ಇದೆ, ಸಣ್ಣ ಸಣ್ಣ ರಕ್ತನಾಳಗಳಲ್ಲಿ ಗಂಟುಕಟ್ಟಿ ಖರ್ಚಾಗಿ ಹೋಗ್ತಿದೆ ಅಷ್ಟೆ.

ಗಂಟುಕಟ್ಟೋದು ಯಾಕೆ? ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಅಂತ ಒಂದು ಅಂಟಂಟು ಪ್ರೋಟೀನ್ ಇದೆ, ಅದು ರಕ್ತನಾಳದ ಒಳಗೋಡೆಯಿಂದ ತುಂಬಾ ಉದ್ದುದ್ದ ಸರಪಳಿಯಾಗಿ ಹೊರಬರತ್ತೆ, ಅದನ್ನ ತುಂಡು ಮಾಡೋ ಕಿಣ್ವದ ಹೆಸರು ಆಡಮ್‌ಟಿಎಸ್-13. ಟಿಟಿಪಿ ಬಂದ ಹೆಚ್ಚಿನವರಲ್ಲಿ ದೇಹವೇ ಈ ಕಿಣ್ವದ ವಿರುದ್ಧ ಆಂಟಿಬಾಡಿ ಮಾಡ್ಕೊಂಡಿರತ್ತೆ. ಕತ್ತರಿಸೋರು ಯಾರೂ ಇಲ್ಲದ ಸರಪಳಿಗೆ ಪ್ಲೇಟ್‌ಲೆಟ್ ಅಂಟ್ಕೊಂಡು ಮಿದುಳು, ಹೃದಯದ ಸಣ್ಣ ನಾಳಗಳು ಕಟ್ಟಿಕೊಳ್ತವೆ, ಅದರ ಮಧ್ಯೆ ನುಸುಳೋ ಕೆಂಪು ರಕ್ತಕಣಗಳು ಹರಿದು ಚೂರಾಗ್ತವೆ. ಚಿಕಿತ್ಸೆ ಇಲ್ಲದಿದ್ರೆ ಹತ್ತರಲ್ಲಿ ಒಂಬತ್ತು ಜನ ಉಳಿಯಲ್ಲ.

ಒಂದು ಕೇಸ್ ಇಟ್ಕೊಳ್ಳಿ. ಮೂವತ್ತೈದರ ಹೆಂಗಸು, 60 ಕೆಜಿ, ಕಾಲ ಮೇಲೆ ಕೆಂಪು ಚುಕ್ಕೆ, ಬೆಳಗ್ಗೆಯಿಂದ ಮಾತು ತಡವರಿಸ್ತಿದೆ. ಹಿಮೋಗ್ಲೋಬಿನ್ 8, ಕಣಗಳು ಒಡೆದಾಗ ಏರೋ ಎಲ್‌ಡಿಎಚ್ ಜಾಸ್ತಿ, ರಕ್ತ ಹೆಪ್ಪುಗಟ್ಟೋ ಟೆಸ್ಟ್ ಮಾತ್ರ ನಾರ್ಮಲ್, ಮೈಕ್ರೋಸ್ಕೋಪ್‌ನಲ್ಲಿ ನೋಡಿದ ರಕ್ತದ ಸ್ಮಿಯರ್‌ನಲ್ಲಿ ಹರಿದ ಕಣಗಳು. ಕಿಣ್ವದ ಮಟ್ಟ ಶೇ. 10ಕ್ಕಿಂತ ಕಮ್ಮಿ ಇದ್ರೆ ಟಿಟಿಪಿ ಅಂತ ಖಚಿತ, ಆದ್ರೆ ರಿಪೋರ್ಟ್ ಬರೋಕೆ ದಿನಗಳೇ ಹಿಡೀಬಹುದು, ಅದಕ್ಕೆ ಕಾಯೋ ಹಾಗಿಲ್ಲ. ಸ್ಯಾಂಪಲ್ ಮಾತ್ರ ಎಕ್ಸ್‌ಚೇಂಜ್‌ಗೂ ಮೊದಲೇ ತೆಗೆದಿಡಬೇಕು, ಆಮೇಲೆ ತೆಗೆದ್ರೆ ಹಾಕಿದ ಪ್ಲಾಸ್ಮಾದಲ್ಲಿರೋ ದಾನಿಗಳ ಕಿಣ್ವವೇ ಅದರಲ್ಲಿ ಕಾಣ್ಸತ್ತೆ.

ಈಗ ಎಷ್ಟು ಪ್ಲಾಸ್ಮಾ ಬದಲಾಯಿಸಬೇಕು ಅನ್ನೋ ಲೆಕ್ಕ. ಕೆಜಿಗೆ 70 ಎಂಎಲ್ ಅಂದ್ರೆ 4200 ಎಂಎಲ್ ರಕ್ತ, ಅದರಲ್ಲಿ ಕೆಂಪುಕಣಗಳ ಪಾಲು ಶೇ. 25, ಉಳಿದದ್ದು ಸುಮಾರು 3150 ಎಂಎಲ್ ಪ್ಲಾಸ್ಮಾ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಎರಡು ದಾರಿಯ ಕ್ಯಾತಿಟರ್ ಹಾಕಿ, ಮಷಿನ್‌ನಲ್ಲಿ ರಕ್ತವನ್ನ ಗಿರಗಿರ ತಿರುಗಿಸಿ, ಪ್ಲಾಸ್ಮಾ ಬೇರೆ ಮಾಡಿ ಕಣಗಳನ್ನ ವಾಪಸ್ ಕೊಡ್ತಾರೆ. ಇಷ್ಟೂ ಪ್ಲಾಸ್ಮಾ ಬದಲಾಯಿಸಿದ್ರೆ ಹಳೇದೆಲ್ಲ ಹೋಯ್ತು ಅಂದ್ಕೋಬೇಡಿ! ಕೊಳಕು ನೀರಿನ ಬಕೆಟ್‌ಗೆ ಒಂದು ಕಡೆ ನಲ್ಲಿ ಬಿಟ್ಟು ಇನ್ನೊಂದು ಕಡೆ ಹೊರಗೆ ಹರಿಸಿದ ಹಾಗೆ, ಹೊಸದೂ ಹಳೇದರ ಜೊತೆ ಬೆರೆತು ಹೊರಗೆ ಹೋಗ್ತಿರತ್ತೆ. ಒಂದು ಪೂರ್ತಿ ಪ್ರಮಾಣಕ್ಕೆ ಹಳೇದರಲ್ಲಿ ಶೇ. 63ರಷ್ಟು ಹೋಗತ್ತೆ, ಒಂದೂವರೆ ಪಟ್ಟಿಗೆ ಶೇ. 78, ಎರಡು ಪಟ್ಟಿಗೆ ಶೇ. 86. ಪ್ಲಾಸ್ಮಾ ಜಾಸ್ತಿ ಸುರಿದಷ್ಟೂ ಲಾಭ ಕಮ್ಮಿ ಆಗ್ತಾ ಬರೋದ್ರಿಂದ ಒಂದು ಅಥವಾ ಒಂದೂವರೆ ಪಟ್ಟಿಗೆ ನಿಲ್ಲಿಸಿ ಮಾರನೇ ದಿನ ಮತ್ತೆ ಮಾಡ್ತಾರೆ.

ನನ್ನ ಪ್ರಕಾರ ಇಲ್ಲಿ ನೋಡಬೇಕಾದ್ದು ತೆಗೆದಿದ್ದಕ್ಕಿಂತ ಹೆಚ್ಚಾಗಿ ಹಾಕಿದ್ದನ್ನ. ನರ, ಸ್ನಾಯುಗಳ ಬಲ ಕುಗ್ಗಿಸೋ ಗಿಲ್ಲಾನ್-ಬಾರೆ ಅಥವಾ ಮಯಸ್ತೇನಿಯಾ ಕಾಯಿಲೆಯಲ್ಲಿ ಆಂಟಿಬಾಡಿ ಹೊರಗೆ ಹೋದ್ರೆ ಸಾಕು, ಜಾಗ ತುಂಬೋಕೆ ಆಲ್ಬುಮಿನ್ ಅನ್ನೋ ಪ್ರೋಟೀನ್ ದ್ರಾವಣ ನಡೆಯತ್ತೆ. ಟಿಟಿಪಿಯಲ್ಲಿ ಆಲ್ಬುಮಿನ್ ಒಂದನ್ನೇ ಹಾಕಿದ್ರೆ ಕಿಣ್ವ ಎಲ್ಲಿಂದ ಬರಬೇಕು? ಅದಕ್ಕೇ ದಾನಿಗಳ ಪ್ಲಾಸ್ಮಾನೇ ಬೇಕು, ದಿನಕ್ಕೆ ಹನ್ನೆರಡು ಹದಿನೈದು ಬ್ಯಾಗ್. 1991ರಲ್ಲಿ ಪ್ರಕಟವಾದ ಕೆನಡಾದ ಟ್ರಯಲ್‌ನಲ್ಲಿ ಬರೀ ಪ್ಲಾಸ್ಮಾ ಹಾಕಿದವರಲ್ಲಿ ಆರು ತಿಂಗಳಿಗೆ ಶೇ. 63 ಜನ ಬದುಕಿದ್ರು, ಎಕ್ಸ್‌ಚೇಂಜ್ ಆದವರಲ್ಲಿ ಶೇ. 78.

ಮಧ್ಯದಲ್ಲಿ ತುಟಿ ಜುಮ್ಮುಗುಟ್ಟತ್ತೆ, ಬೆರಳು ಮರಗಟ್ಟತ್ತೆ ಅಂತ ಪೇಷಂಟ್ ಹೇಳಿದ್ರೆ ಅದು ಸಿಟ್ರೇಟ್ ಕೆಲಸ. ಮಷಿನ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕೋ ಇದು ಕ್ಯಾಲ್ಸಿಯಂ ಹಿಡ್ಕೊಳ್ಳತ್ತೆ, ದಾನಿಗಳ ಪ್ಲಾಸ್ಮಾದಲ್ಲೂ ಇದೇ ಇರೋದ್ರಿಂದ ಟಿಟಿಪಿಯಲ್ಲಿ ತೊಂದರೆ ಜಾಸ್ತಿ. ವೇಗ ತಗ್ಗಿಸಿ ಕ್ಯಾಲ್ಸಿಯಂ ಕೊಡ್ತಾರೆ. ಮೈತುಂಬಾ ತುರಿಕೆ, ದದ್ದು, ಉಸಿರಾಟದ ತೊಂದರೆ ಬಂದ್ರೆ ಮಾತ್ರ ಪ್ಲಾಸ್ಮಾ ಅಲರ್ಜಿಯೋ ಏನೋ ಅಂತ ಕೂಡ್ಲೇ ನಿಲ್ಲಿಸಿ ನೋಡಬೇಕು.

ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟಿ ಎರಡು ದಿನ ಅಲ್ಲೇ ನಿಂತ್ರೆ ಸಾಮಾನ್ಯವಾಗಿ ಎಕ್ಸ್‌ಚೇಂಜ್ ನಿಲ್ಲಿಸ್ತಾರೆ. ಆದ್ರೆ ಆಂಟಿಬಾಡಿ ಮಾಡೋ ಕಣಗಳನ್ನ ಮಷಿನ್ ಮುಟ್ಟಿರಲ್ಲ, ಅವನ್ನ ಹತೋಟಿಗೆ ತರೋಕೆ ಸ್ಟೀರಾಯ್ಡ್, ರಿಟುಕ್ಸಿಮ್ಯಾಬ್ ಬೇಕು, ಇಲ್ಲಾಂದ್ರೆ ತಿಂಗಳೊಳಗೇ ಪ್ಲೇಟ್‌ಲೆಟ್ ಮತ್ತೆ ಬೀಳಬಹುದು.

ಕೆಂಪುಕಣಗಳು ವಕ್ರವಾಗೋ ಸಿಕಲ್ ಸೆಲ್ ಕಾಯಿಲೆ ಇರೋವ್ರಿಗೆ ಸ್ಟ್ರೋಕ್ ಆದಾಗ ಇದೇ ಮಷಿನ್ ಉಲ್ಟಾ ಕೆಲಸ ಮಾಡತ್ತೆ, ಪ್ಲಾಸ್ಮಾ ಉಳಿಸಿ ಕುಡುಗೋಲಿನಾಕಾರದ ಕಣ ತೆಗೆದು ದಾನಿಯ ಕೆಂಪುಕಣ ಹಾಕತ್ತೆ. ಸುಮ್ನೆ ಮೇಲಿಂದ ರಕ್ತ ಏರಿಸ್ತಾ ಹೋದ್ರೆ ರಕ್ತ ಮಂದ ಆಗಿ ಹರಿವೇ ಕೆಡಬಹುದು, ಬದಲಾಯಿಸಿದ್ರೆ ರಕ್ತ ಮಂದ ಆಗದೆ ಸಿಕಲ್ ಹಿಮೋಗ್ಲೋಬಿನ್ ಶೇ. 30ಕ್ಕಿಂತ ಕೆಳಗೆ ಬರತ್ತೆ. ತೊಡಕು ಅಂದ್ರೆ, ಹಿಂದೆ ಸುಮಾರು ಸಲ ರಕ್ತ ತಗೊಂಡವರಲ್ಲಿ ದಾನಿಯ ಕಣಗಳ ವಿರುದ್ಧವೇ ಆಂಟಿಬಾಡಿ ಬೆಳೆದಿರಬಹುದು, ಆಗ ಮಷಿನ್ ರೆಡಿ ಇದ್ರೂ ಬ್ಲಡ್ ಬ್ಯಾಂಕಿಂದ ಹೊಂದೋ ಯೂನಿಟ್‌ಗಳು ಬರೋವರೆಗೂ ಕಾಯಬೇಕು.