ಪರ್ಷಿಯನ್ನಿನ ‘ತರಲಾ’, ‘ಬರಲಿ’, ‘ಹೋಗೋಣ’

ಟೆಹ್ರಾನಿನಲ್ಲಿ ಮನೆಗೆ ಬಂದವರನ್ನು ‘ಚಾಯ್ ಬಿಯಾರಮ್?’ ಎಂದು ಕೇಳಿದರೆ ಅದು ‘ಚಹಾ ತರಲಾ?’ ಎಂದಂತೆ. ಇಂಗ್ಲಿಷಿನಲ್ಲಿ ‘ಶಲ್ ಐ ಬ್ರಿಂಗ್ ಟೀ?’ ಎನ್ನಬೇಕು. ‘ಮೀಖಾಮ್ ಚಾಯ್ ಬಿಯಾರಮ್’ ಎಂದರೆ ‘ಐ ವಾಂಟ್ ಟು ಬ್ರಿಂಗ್ ಟೀ’. ‘ಬಾಯದ್ ಚಾಯ್ ಬಿಯಾರಮ್’ ಎಂದರೆ ‘ಐ ಮಸ್ಟ್ ಬ್ರಿಂಗ್ ಟೀ’. ‘ಶಾಯದ್ ಚಾಯ್ ಬಿಯಾರಮ್’ ಎಂದರೆ ‘ಐ ಮೇ ಬ್ರಿಂಗ್ ಟೀ’. ಇಂಗ್ಲಿಷಿನಲ್ಲಿ ಒಮ್ಮೆ ಶಲ್, ಒಮ್ಮೆ ಟು, ಒಮ್ಮೆ ಮಸ್ಟ್, ಒಮ್ಮೆ ಮೇ. ಪರ್ಷಿಯನ್ನಿನಲ್ಲಿ ಮಾತ್ರ ‘ಬಿಯಾರಮ್’ ಕೂತಲ್ಲಿಂದ ಕದಲುವುದಿಲ್ಲ. ಇರಾನಿನ ವ್ಯಾಕರಣಕಾರರು ಈ ರೂಪವನ್ನು ‘ಎಲ್ತೆಜಾಮಿ’ ಎನ್ನುತ್ತಾರೆ. ಇಂಗ್ಲಿಷ್ ವ್ಯಾಕರಣದ ಹೆಸರು ಸಬ್‌ಜಂಕ್ಟಿವ್.

ಇದನ್ನು ಕಲಿಸುವ ಅನೇಕರು ‘ಸಬ್‌ಜಂಕ್ಟಿವ್ ಬಂದರೆ ಇಂಗ್ಲಿಷಿನಲ್ಲಿ ಮೇ ಅಥವಾ ಶುಡ್ ಹಾಕಿ’ ಎಂಬ ಸುಲಭ ಸೂತ್ರ ಕೊಟ್ಟುಬಿಡುತ್ತಾರೆ. ಆ ಸೂತ್ರ ಹಿಡಿದು ಹೊರಟರೆ ಎರಡನೆಯ ವಾಕ್ಯದಲ್ಲೇ ಎಡವುತ್ತೇವೆ. ಎಲ್ತೆಜಾಮಿಗೆ ಇಂಥದ್ದೇ ಎಂಬ ಒಂದು ಅರ್ಥ ಇಲ್ಲ. ‘ಇದು ನಡೆದಿದೆ ಅಂತಲೋ ನಡೆಯುತ್ತದೆ ಅಂತಲೋ ನಾನು ಹೇಳುತ್ತಿಲ್ಲ’ ಎನ್ನುವುದಷ್ಟೇ ಅದರ ಕೆಲಸ. ಅದು ಆಸೆಯೋ, ಅಗತ್ಯವೋ, ಅನುಮಾನವೋ, ಕೋರಿಕೆಯೋ ಎಂಬುದನ್ನು ಅದರ ಹಿಂದಿನ ಪದ ಹೇಳುತ್ತದೆ. ಹಿಂದೆ ಪದವೇ ಇಲ್ಲದಿದ್ದರೆ ಪುರುಷಪ್ರತ್ಯಯ ಮತ್ತು ದನಿ ಹೇಳುತ್ತವೆ. ಅನುವಾದಿಸಬೇಕಾದದ್ದು ಅವನ್ನು.

ರೂಪ ಕಟ್ಟುವ ಬಗೆ ಸರಳ. ‘ಹೋಗು’ ಎನ್ನುವುದಕ್ಕೆ ವರ್ತಮಾನದ ಧಾತು ‘ರವ್’. ಮುಂದೆ ‘ಮೀ’ ಹಚ್ಚಿದರೆ ‘ಮೀರವಮ್’, ಹೋಗುತ್ತೇನೆ. ‘ಮೀ’ ತೆಗೆದು ‘ಬೆ’ ಹಚ್ಚಿದರೆ ‘ಬೆರವಮ್’, ಅದೇ ಎಲ್ತೆಜಾಮಿ. ಆಡುಮಾತಿನಲ್ಲಿ ಇವು ಸವೆದು ‘ಮೀರಮ್’, ‘ಬೆರಮ್’ ಆಗುತ್ತವೆ. ನಿಷೇಧ ಬಂದಾಗ ‘ಬೆ’ ಜಾಗ ಬಿಟ್ಟು ‘ನ’ ಬರುತ್ತದೆ. ‘ನೆಮೀರಿಮ್’ ಎಂದರೆ ನಾವು ಹೋಗುತ್ತಿಲ್ಲ, ‘ನರಿಮ್’ ಎಂದರೆ ಹೋಗುವುದು ಬೇಡ. ಇಂಗ್ಲಿಷಿನಲ್ಲಿ ಮೊದಲನೆಯದು ‘ವೀ ಆರೆಂಟ್ ಗೋಯಿಂಗ್’, ಎರಡನೆಯದು ‘ಲೆಟ್ಸ್ ನಾಟ್ ಗೋ’. ನಡುವಿನ ‘ಮೀ’ ಕಿವಿಗೆ ಬೀಳದಿದ್ದರೆ ನಿರ್ಧಾರ ಸಲಹೆಯಾಗಿಬಿಡುತ್ತದೆ.

ಹೊಸಬರು ನಿಜವಾಗಿ ಸಿಕ್ಕಿಬೀಳುವುದು ‘ಬೆ’ ಕಾಣಿಸದ ಕಡೆ. ‘ಕರ್ದನ್’, ಅಂದರೆ ಮಾಡು, ಸೇರಿ ಆದ ಜೋಡಿಪದಗಳಲ್ಲಿ ಅದು ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ‘ಕೊಮಕ್ ಮೀಕೊನಮ್’ ಎಂದರೆ ಸಹಾಯ ಮಾಡುತ್ತೇನೆ. ‘ಕೊಮಕ್ ಕೊನಮ್?’ ಎಂದರೆ ಸಹಾಯ ಮಾಡಲಾ? ಇಲ್ಲಿ ಗುರುತು ಎಂದರೆ ‘ಮೀ’ ಇಲ್ಲದಿರುವುದೊಂದೇ. ‘ಇರು’ ಎನ್ನುವ ಕ್ರಿಯಾಪದಕ್ಕೂ ಇಂದಿನ ಬಳಕೆಯಲ್ಲಿ ‘ಬೆ’ ಇಲ್ಲ, ಅದು ‘ಬಾಶಮ್, ಬಾಶಿ, ಬಾಶದ್’ ಎಂದು ನಡೆಯುತ್ತದೆ. ಆ ‘ಬಾಶ್’ ಕನ್ನಡದವರಿಗೆ ಹೊಸದಲ್ಲ. ‘ಶಾದ್ ಬಾಶ್’, ಸಂತೋಷವಾಗಿರು, ಎಂಬುದೇ ಒತ್ತೊತ್ತಿ ‘ಶಾಬಾಶ್’ ಆಗಿ ನಮ್ಮಲ್ಲಿ ‘ಶಹಬ್ಬಾಸ್’ ಎಂದು ಬೆನ್ನು ತಟ್ಟುತ್ತಿದೆ.

‘ಮೀ’ ಇಲ್ಲದಿರುವುದೇ ಗುರುತಾದದ್ದು ಹೇಗೆ ಎಂಬುದಕ್ಕೆ ಸೊಗಸಾದ ಚರಿತ್ರೆಯಿದೆ. ಸಸಾನಿಯನ್ ದೊರೆಗಳ ಕಾಲದ (224–651) ಮಧ್ಯ ಪರ್ಷಿಯನ್ನಿನಲ್ಲಿ ಸಬ್‌ಜಂಕ್ಟಿವ್‌ಗೆ ಅದರದೇ ಪ್ರತ್ಯಯಗಳಿದ್ದವು, ದೀರ್ಘ ‘ಆ’ ಸೇರಿದ ‘-ಆದ್’ ಥರದವು. ಮುಂದಿನ ಶತಮಾನಗಳಲ್ಲಿ ಅವು ಬಹುಪಾಲು ಅಳಿದವು. ಇನ್ನೊಂದು ಕಡೆ, ‘ಯಾವಾಗಲೂ’ ಎಂಬ ಅರ್ಥದ ‘ಹಮೇ’ ಎಂಬ ಪದ ನಡೆಯುತ್ತಿರುವ ಕೆಲಸಕ್ಕೆ ಒತ್ತುಕೊಡಲು ಕ್ರಿಯಾಪದದ ಮುಂದೆ ಬರುತ್ತಿತ್ತು. ಅದು ಸವೆದು ‘ಮೇ’ ಆಯಿತು, ಇರಾನಿನಲ್ಲಿ ‘ಮೀ’ ಆಯಿತು, ಬರಬರುತ್ತ ಎಲ್ಲ ವರ್ತಮಾನಕ್ಕೂ ಕಡ್ಡಾಯವಾಯಿತು. ಆಗ ‘ಮೀ’ ಇಲ್ಲದ ಹಳೆಯ ವರ್ತಮಾನಕ್ಕೆ ಸಾಮಾನ್ಯ ಹೇಳಿಕೆಗಳಲ್ಲಿ ಜಾಗ ಉಳಿಯಲಿಲ್ಲ. ‘ಬೇಕು’, ‘ಬಹುಶಃ’, ‘ಆಗಲಿ’ಗಳ ಮೂಲೆಯಲ್ಲಿ ಅದು ಉಳಿದುಕೊಂಡಿತು. ‘ಬೆ’ ಅದಕ್ಕೆ ಖಾಯಂ ಜೊತೆಯಾದದ್ದು ಆಮೇಲೆ. ಹಳೆಯ ಬರಹಗಳಲ್ಲಿ ‘ಬೆರಫ್ತ್’, ಹೋದನು, ಎಂದು ಭೂತಕಾಲದ ಮುಂದೆಯೂ ‘ಬೆ’ ಇರುತ್ತಿತ್ತು. ಹಿಂದಿಯಲ್ಲೂ ಇದೇ ಆಗಿದೆ: ‘ಮೈಂ ಜಾಊಂ?’ ಎನ್ನುವುದು ಒಂದು ಕಾಲದ ಸಾದಾ ವರ್ತಮಾನ, ‘ಜಾತಾ ಹೂಂ’ ಬಂದು ಅದನ್ನು ಮೂಲೆಗೆ ಸರಿಸಿತು. ಪರ್ಷಿಯನ್ನಿನ ‘ದಾರಮ್’, ನನ್ನಲ್ಲಿದೆ, ಇವತ್ತಿಗೂ ಸಾಮಾನ್ಯವಾಗಿ ‘ಮೀ’ ಇಲ್ಲದೆ ನಡೆಯುತ್ತದೆ. ಬರಿಯ ರೂಪ ಹೇಳಿಕೆಗೇ ಬಳಕೆಯಲ್ಲಿರುವುದರಿಂದ ಅದರ ಎಲ್ತೆಜಾಮಿ ‘ದಾಶ್ತೆ ಬಾಶಮ್’ ಎಂದು ಸುತ್ತುಬಳಸಿ ಬರುತ್ತದೆ.

ಅಳಿದ ‘-ಆದ್’ ಹರಕೆಯ ಮಾತುಗಳಲ್ಲಿ ಮಾತ್ರ ಉಳಿಯಿತು. ‘ಬಾದ್’ ಎಂದರೆ ಆಗಲಿ, ಇರಲಿ. ‘ಜಿಂದಾ’ ಎಂದರೆ ಬದುಕಿರುವ. 1929ರ ಏಪ್ರಿಲ್ 8ರಂದು ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಕೂಗಿದ ‘ಇಂಕ್ವಿಲಾಬ್ ಜಿಂದಾಬಾದ್’ನಲ್ಲಿ ಇರುವುದು ಈ ಪುರಾತನ ಸಬ್‌ಜಂಕ್ಟಿವ್. ಹೈದರಾಬಾದಿನ ‘ಆಬಾದ್’ಗೂ ಇದಕ್ಕೂ ಸಂಬಂಧವಿಲ್ಲ, ಅದು ಜನವಸತಿ ಇರುವ ಊರು ಎಂಬರ್ಥದ ಬೇರೆಯೇ ಪದ. ಇಂಗ್ಲಿಷಿನಲ್ಲೂ ಇಂಥ ಪಳೆಯುಳಿಕೆ ಇದೆ: ‘ಲಾಂಗ್ ಲಿವ್’, ‘ಗಾಡ್ ಸೇವ್ ದ ಕಿಂಗ್’. ಅಲ್ಲಿ ‘ಲಿವ್ಸ್’, ‘ಸೇವ್ಸ್’ ಎನ್ನುವುದಿಲ್ಲ. ಹೀಗಾಗಿ ಘೋಷಣೆಗಳ ಅನುವಾದ ಕಷ್ಟವಲ್ಲ, ಪಳೆಯುಳಿಕೆಗೆ ಪಳೆಯುಳಿಕೆ ಹೊಂದುತ್ತದೆ.

ಕಷ್ಟ ಇರುವುದು ದಿನನಿತ್ಯದ ಆಸೆಗಳಲ್ಲಿ. ‘ಕಾಶ್’ ಬಂದರೆ ಸಬ್‌ಜಂಕ್ಟಿವ್ ಬರುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ‘ಕಾಶ್ ಬಿಯಾಯದ್’ ಎಂದರೆ ಅವನು ಬಂದರೆ ಚೆನ್ನಾಗಿರುತ್ತಿತ್ತು, ಬರುವ ಸಾಧ್ಯತೆ ಇನ್ನೂ ಇದೆ. ‘ಕಾಶ್ ಆಮದೆ ಬಾಶದ್’ ಎಂದರೆ ಬಂದಿರಲಿ ದೇವರೇ, ಬಂದನೋ ಇಲ್ಲವೋ ಗೊತ್ತಿಲ್ಲ. ಇವೆರಡೂ ಎಲ್ತೆಜಾಮಿ. ಬರಲಿಲ್ಲ ಎಂದು ಗೊತ್ತಾದ ಮೇಲೆ ಅದು ಹೊರಟುಹೋಗುತ್ತದೆ. ಆಗ ‘ಕಾಶ್ ಮೀಯಾಮದ್’ ಎಂದೋ ‘ಕಾಶ್ ಆಮದೆ ಬೂದ್’ ಎಂದೋ ಭೂತಕಾಲದ ರೂಪ ಬರುತ್ತದೆ. ಬಾಗಿಲು ಮುಚ್ಚಿದೆ ಎಂದು ತಿಳಿದ ಮೇಲೆ ನಮ್ಮಲ್ಲೂ ‘ಬಂದಿದ್ದರೆ ಎಷ್ಟು ಚೆನ್ನಾಗಿತ್ತು’ ಎನ್ನುತ್ತೇವಲ್ಲವೆ?

ಇಂಗ್ಲಿಷ್ ಈ ಗೆರೆಯನ್ನು ಕ್ರಿಯಾಪದಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಪದದಲ್ಲಿ ಎಳೆಯುತ್ತದೆ. ಆಸೆ ಬದುಕಿದ್ದರೆ ‘ಐ ಹೋಪ್ ಹೀ ಕಮ್ಸ್’, ‘ಐ ಹೋಪ್ ಹೀ ಹ್ಯಾಸ್ ಕಮ್’. ಮೊದಲನೆಯದರಲ್ಲಿ ಬರುವ ಲಕ್ಷಣ ಕಡಿಮೆ ಎಂಬ ಬೇಸರ ಸೇರಿದ್ದರೆ ‘ಐ ವಿಶ್ ಹೀ ವುಡ್ ಕಮ್’. ಆಸೆ ಮುಗಿದಿದ್ದರೆ ‘ಐ ವಿಶ್ ಹೀ ಹ್ಯಾಡ್ ಕಮ್’. ನಿಘಂಟಿನಲ್ಲಿ ‘ಕಾಶ್’ ಎದುರು ‘ಐ ವಿಶ್’ ಎಂದು ನೋಡಿ ‘ಐ ವಿಶ್ ಹೀ ಕಮ್ಸ್’ ಎಂದು ಬರೆಯುವವರು ಬಹಳ. ಅದು ಇಂಗ್ಲಿಷ್ ಅಲ್ಲ. ‘ಒಮೀದ್ವಾರಮ್ ಬಿಯಾಯದ್’, ಬರುತ್ತಾನೆಂಬ ಭರವಸೆ ಇದೆ, ಎಂಬಲ್ಲಿಯೂ ಪರ್ಷಿಯನ್ ಎಲ್ತೆಜಾಮಿ ಬಿಡುವುದಿಲ್ಲ, ಇಂಗ್ಲಿಷ್ ಮಾತ್ರ ‘ಹೀ ಕಮ್ಸ್’ ಎಂಬ ಸಾದಾ ವರ್ತಮಾನದಲ್ಲಿ ಹೇಳಿ ಮುಗಿಸುತ್ತದೆ.

ಇನ್ನು ಕೋರಿಕೆ. ಕಿಟಕಿ ಮುಚ್ಚಿಸಬೇಕು ಎಂದಿಟ್ಟುಕೊಳ್ಳಿ. ಸಲಿಗೆಯವರಿಗೆ ‘ಪಂಜೆರೆ ರೋ ಬೆಬಂದ್’, ಕಿಟಕಿ ಮುಚ್ಚು. ಮರ್ಯಾದೆಯ ಬಹುವಚನದಲ್ಲಿ ‘ಪಂಜೆರೆ ರೋ ಬೆಬಂದೀನ್’, ಮುಚ್ಚಿ. ಬಹುವಚನದಲ್ಲಿ ಆಜ್ಞೆಗೂ ಎಲ್ತೆಜಾಮಿಗೂ ರೂಪ ಒಂದೇ, ಆದ್ದರಿಂದ ಈ ‘ಬೆಬಂದೀನ್’ ಒಂಟಿಯಾಗಿ ನಿಂತರೆ ಆಜ್ಞೆ. ಹಿಂದೆ ಒಂದು ‘ಮೀಶೆ’ ಇಟ್ಟರೆ ಅದೇ ಪದ ಕೋರಿಕೆ: ‘ಮೀಶೆ ಪಂಜೆರೆ ರೋ ಬೆಬಂದೀನ್?’ ‘ಮೀಶೆ’ ಎಂದರೆ ಅಕ್ಷರಶಃ ‘ಆಗುತ್ತಾ?’ ನಾವು ‘ಕಿಟಕಿ ಮುಚ್ಚೋಕೆ ಆಗುತ್ತಾ?’ ಎನ್ನುವಾಗ ಮಾಡುವುದೂ ಇದನ್ನೇ. ‘ಮೀಶೆ’ಗೆ ಕರ್ತೃ ಇಲ್ಲ, ಎದುರಿನವರತ್ತ ಬೆರಳು ತೋರಿಸುವುದಿಲ್ಲ. ‘ಮೀತೂನೀನ್ ಬೆಬಂದೀನ್?’ ಎಂದರೆ ‘ನಿಮಗೆ ಮುಚ್ಚಲು ಸಾಧ್ಯವೇ?’ ಅದೂ ಸಭ್ಯವೇ, ಆದರೆ ಶಕ್ತಿ ಇದೆಯೇ ಎಂಬ ಇನ್ನೊಂದು ಅರ್ಥ ಅದರಲ್ಲಿ ಸುಳಿಯಬಹುದು. ಎರಡಕ್ಕೂ ಇಂಗ್ಲಿಷಿನಲ್ಲಿ ‘ಕುಡ್ ಯೂ ಕ್ಲೋಸ್ ದ ವಿಂಡೋ?’ ಸಾಕು. ‘ಈಸ್ ಇಟ್ ಪಾಸಿಬಲ್ ದಟ್ ಯೂ ಕ್ಲೋಸ್’ ಎಂದರೆ ಪದಗಳೆಲ್ಲ ಬಂದವು, ದಾಕ್ಷಿಣ್ಯ ಬರಲಿಲ್ಲ. ಕೇಳಿದವರಿಗೆ ಅದು ತಗಾದೆಯಂತೆ ಕೇಳಬಹುದು.

ಇನ್ನೂ ಒಂದು ಮೆಟ್ಟಿಲು ತಗ್ಗಿ ಕೇಳಬೇಕಾದಾಗ ವಾಕ್ಯ ಹೀಗೆ ಉದ್ದವಾಗುತ್ತದೆ: ‘ಮೀಖಾಸ್ತಮ್ ಖಾಹೆಶ್ ಕೊನಮ್ ಪಂಜೆರೆ ರೋ ಬೆಬಂದೀನ್.’ ‘ಮೀಖಾಸ್ತಮ್’ ಭೂತಕಾಲ, ‘ಬಯಸುತ್ತಿದ್ದೆ’. ಈಗಿನ ಬಯಕೆಯನ್ನೇ ಹಿಂದಕ್ಕೆ ಸರಿಸಿ ಅದರ ಒತ್ತಡ ಇಳಿಸುವ ಉಪಾಯ ಇದು. ಆಮೇಲೆ ಎರಡು ಎಲ್ತೆಜಾಮಿಗಳು. ‘ಕೊನಮ್’ನ ‘ಅಮ್’ ಹೇಳುವುದು ಕೋರುವವನು ನಾನು ಎಂದು, ‘ಬೆಬಂದೀನ್’ನ ‘ಈನ್’ ಹೇಳುವುದು ಮುಚ್ಚುವವರು ನೀವು ಎಂದು. ಇಂಗ್ಲಿಷಿನಲ್ಲಿ ಎರಡೂ ‘ಟು’ ಆಗುತ್ತವೆ: ‘ಐ ವಾಂಟೆಡ್ ಟು ಆಸ್ಕ್ ಯೂ ಟು ಕ್ಲೋಸ್ ದ ವಿಂಡೋ.’ ಪುರುಷಪ್ರತ್ಯಯ ಹೇಳುತ್ತಿದ್ದುದನ್ನು ಇಂಗ್ಲಿಷ್ ‘ಯೂ’ ಎಂಬ ಪ್ರತ್ಯೇಕ ಪದದಿಂದ ಹೇಳಬೇಕಾಗುತ್ತದೆ. ‘ಮೀಖಾಮ್ ಬೆರಮ್’ಗೆ ‘ಐ ವಾಂಟ್ ಟು ಗೋ’, ‘ಮೀಖಾಮ್ ಬೆರಿ’ಗೆ ‘ಐ ವಾಂಟ್ ಯೂ ಟು ಗೋ’. ಹೊರಡುವವರು ಯಾರು ಎಂಬುದು ಕೊನೆಯ ಒಂದು ಪ್ರತ್ಯಯದಲ್ಲಿದೆ, ಅವಸರದಲ್ಲಿ ಓದುವವರು ತಪ್ಪುವುದು ಅಲ್ಲೇ.

ಸಲಹೆಯಲ್ಲಿ ಹಿಂದೆ ಪದವೂ ಬೇಕಿಲ್ಲ. ‘ಬೆರಿಮ್’ ಎಂದು ದನಿ ಇಳಿಸಿದರೆ ‘ಹೋಗೋಣ’, ‘ಲೆಟ್ಸ್ ಗೋ’. ದನಿ ಏರಿಸಿದರೆ ‘ಹೋಗೋಣವಾ?’, ‘ಶಲ್ ವೀ ಗೋ?’ ‘ಡೂ ವೀ ಗೋ?’ ಎಂದು ಬರೆದರೆ ವೇಳಾಪಟ್ಟಿ ವಿಚಾರಿಸಿದಂತಾಗುತ್ತದೆ. ‘ಬೆಹ್ತರೆ’, ಅಂದರೆ ಒಳ್ಳೆಯದು, ಎಂಬ ಪದ ಸೇರಿದಾಗ ಹೆಚ್ಚಿನ ಎಚ್ಚರ ಬೇಕು. ‘ಬೆಹ್ತರೆ ಬೆರಿಮ್’ಗೆ ‘ವೀಡ್ ಬೆಟರ್ ಗೋ’ ಸರಿಯಾಗಿಯೇ ಕೂರುತ್ತದೆ. ಅದೇ ಅಚ್ಚಿನಲ್ಲಿ ‘ಬೆಹ್ತರೆ ಎಸ್ತೆರಾಹತ್ ಕೊನೀನ್’, ನೀವು ವಿಶ್ರಾಂತಿ ತಗೊಂಡರೆ ಒಳ್ಳೇದು, ಎಂಬುದನ್ನು ‘ಯೂಡ್ ಬೆಟರ್ ರೆಸ್ಟ್’ ಎಂದು ಮಾಡಿದರೆ ಕೇಡು. ಎದುರಿನವರಿಗೆ ಹೇಳಿದ ‘ಹ್ಯಾಡ್ ಬೆಟರ್’ನಲ್ಲಿ, ಮಾಡದಿದ್ದರೆ ನೋಡು ಎಂಬ ಎಚ್ಚರಿಕೆ ಇರುತ್ತದೆ. ‘ಇಟ್ ಮೈಟ್ ಬಿ ಬೆಸ್ಟ್ ಟು ರೆಸ್ಟ್’ ಅಥವಾ ‘ಯೂ ಶುಡ್ ಗೆಟ್ ಸಮ್ ರೆಸ್ಟ್’ ಎಂದರೆ ಮೂಲದ ಕಕ್ಕುಲಾತಿ ಉಳಿಯುತ್ತದೆ.

ಕೊನೆಗೆ, ರೂಪ ಎಲ್ತೆಜಾಮಿಯೇ ಆದರೂ ಇಂಗ್ಲಿಷಿನ ಯಾವ ಕ್ರಿಯಾರೂಪಕ್ಕೂ ಒಗ್ಗದ ಹಾರೈಕೆಗಳಿವೆ. ‘ದಸ್ತೆತ್ ದರ್ದ್ ನಕೊನೆ’ ಎಂದರೆ ನಿನ್ನ ಕೈ ನೋಯದಿರಲಿ. ಅಡುಗೆ ಬಡಿಸಿದವರಿಗೆ, ಉಡುಗೊರೆ ತಂದವರಿಗೆ ಹೇಳುವ ಮಾತು, ಇಂಗ್ಲಿಷಿನಲ್ಲಿ ‘ಥ್ಯಾಂಕ್ ಯೂ’ ಎಂದರೆ ಸಾಕು. ‘ಮೇ ಯುವರ್ ಹ್ಯಾಂಡ್ ನಾಟ್ ಏಕ್’ ಎಂದರೆ ಕೈಗೇನಾಯಿತು ಎಂದು ಓದುಗ ತಡವರಿಸುತ್ತಾನೆ. ಕಿರಿಯರಿಗೆ ಹೇಳುವ ‘ಪೀರ್ ಶೀ’, ಮುದುಕನಾಗು, ಬೈಗುಳವಲ್ಲ, ನೂರ್ಕಾಲ ಬಾಳು ಎಂಬ ಹರಕೆ. ಅದಕ್ಕೆ ‘ಬ್ಲೆಸ್ ಯೂ’ ಹತ್ತಿರ. ‘ಖಸ್ತೆ ನಬಾಶೀನ್’, ದಣಿವಾಗದಿರಲಿ, ಎಂಬುದಕ್ಕೆ ಮಾತ್ರ ಒಂದೇ ಉತ್ತರ ಇಲ್ಲ. ಕೆಲಸದಲ್ಲಿರುವವರ ಬಳಿ ಬಂದಾಗ ಹೇಳಿದರೆ ಅದು ‘ಹಲೋ’, ಕೆಲಸ ಮುಗಿಸಿ ಏಳುವಾಗ ಹೇಳಿದರೆ ‘ಗುಡ್ ವರ್ಕ್’, ತರಗತಿ ಮುಗಿದಾಗ ವಿದ್ಯಾರ್ಥಿ ಮೇಷ್ಟ್ರಿಗೆ ಹೇಳಿದರೆ ‘ಥ್ಯಾಂಕ್ ಯೂ, ಸರ್’. ಯಾರು, ಯಾರಿಗೆ, ಬರುವಾಗಲೋ ಹೋಗುವಾಗಲೋ ಎಂದು ನೋಡಿಕೊಂಡೇ ಇದನ್ನು ಬರೆಯಬೇಕು. ಬರಿಯ ವಾಕ್ಯ ಕೈಗಿತ್ತು ಅನುವಾದಿಸು ಎಂದರೆ ಪಳಗಿದ ಅನುವಾದಕರೂ ಮೊದಲು ದೃಶ್ಯ ಯಾವುದು ಎಂದು ಕೇಳುತ್ತಾರೆ.