ಡೈರೆಕ್ಟ್ ಡ್ರೈವಾ, ಬೌಡನ್ನಾ? ಮಿಕ್ಸಿ ಬುಷ್ ಇಟ್ಟುಕೊಂಡು ಒಂದು ಲೆಕ್ಕ

ಮಂಡ್ಯದಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟಿರುವವರೊಬ್ಬರು ಮೊದಲ ತ್ರೀಡಿ ಪ್ರಿಂಟರ್ ಕೊಳ್ಳುತ್ತಾರೆ ಅಂದುಕೊಳ್ಳಿ. ಗುಬ್ಬಿ, ಮುಚ್ಚಳಗಳನ್ನು ಪಿಎಲ್‌ಎ ಅನ್ನುವ ಪ್ಲಾಸ್ಟಿಕ್‌ನಲ್ಲಿ ಮಾಡಬೇಕು. ಮಿಕ್ಸಿ ಕೆಳಗಿನ ರಬ್ಬರ್ ಬುಷ್‌ಗೆ ರಬ್ಬರಿನಂತೆ ಬಾಗುವ ಟಿಪಿಯು ಬೇಕು. ಪ್ಲಾಸ್ಟಿಕ್ಕನ್ನು ತಳ್ಳಿಕೊಡುವ ಭಾಗವೇ ಎಕ್ಸ್‌ಟ್ರೂಡರ್. ಅದರಲ್ಲಿ ಬೌಡನ್, ಡೈರೆಕ್ಟ್ ಡ್ರೈವ್ ಅಂತ ಎರಡು ಬಗೆ. ಇವರಿಗೆ ಯಾವುದು ಸರಿ?

ಬೌಡನ್‌ನಲ್ಲಿ ಫಿಲಮೆಂಟ್ ಅನ್ನುವ ಪ್ಲಾಸ್ಟಿಕ್ ಎಳೆಯನ್ನು ತಳ್ಳುವ ಮೋಟರ್ ಫ್ರೇಮಿನ ಮೇಲಿರುತ್ತದೆ. ಅಲ್ಲಿಂದ ಪ್ಲಾಸ್ಟಿಕ್ ಕರಗಿಸುವ ಹಾಟ್ ಎಂಡ್‌ವರೆಗೆ ಉದ್ದದ ಪಿಟಿಎಫ್‌ಇ ಟ್ಯೂಬ್. ಡೈರೆಕ್ಟ್ ಡ್ರೈವ್‌ನಲ್ಲಿ ಮೋಟರ್ ಹಾಟ್ ಎಂಡ್ ತಲೆಯ ಮೇಲೇ ಕೂರುತ್ತದೆ.

ಈಗ ರಿಟ್ರಾಕ್ಷನ್. ಹಾಟ್ ಎಂಡ್ ತುದಿಯ ನಾಝಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವಾಗ ಸೋರಬಾರದು ಅಂತ ಫಿಲಮೆಂಟನ್ನು ಸ್ವಲ್ಪ ಹಿಂದಕ್ಕೆ ಎಳೆಯುವುದು. ಟ್ಯೂಬಿನ ಒಳಗಿನ ಅಗಲ 2 ಮಿ.ಮೀ., ಫಿಲಮೆಂಟ್ 1.75. ಉಳಿದ ಕಾಲು ಮಿಲಿಮೀಟರ್ ಸಡಿಲವೇ ತಲೆನೋವು. ತಳ್ಳುವಾಗ ಫಿಲಮೆಂಟ್ ಬಾಗಿನ ಹೊರಗೋಡೆಗೆ ಒರಗುತ್ತದೆ, ಎಳೆಯುವಾಗ ಒಳಗೋಡೆಗೆ. ಟ್ಯೂಬ್ ಒಟ್ಟು 180 ಡಿಗ್ರಿ ಬಾಗಿದ್ದರೆ ವ್ಯತ್ಯಾಸ ಹೀಗೆ:

```
3.14 × 0.25 ≈ 0.8 mm
```

ಅಂದರೆ ಮೋಟರ್ ಎಳೆದ ಮೊದಲ 0.8 ಮಿ.ಮೀ. ನಾಝಲ್‌ಗೆ ಮುಟ್ಟುವುದೇ ಇಲ್ಲ. ಇದರ ಜೊತೆಗೆ ಫಿಲಮೆಂಟಿನ ಹಿಗ್ಗುವಿಕೆ ಮತ್ತು ಟ್ಯೂಬ್ ಹಿಡಿಯುವ ಕಪ್ಲರಿನ ಸಡಿಲ. ಅದಕ್ಕೇ ಬೌಡನ್‌ನಲ್ಲಿ ಸಾಮಾನ್ಯವಾಗಿ 4ರಿಂದ 6 ಮಿ.ಮೀ. ಇಡುತ್ತಾರೆ, ಡೈರೆಕ್ಟ್‌ನಲ್ಲಿ 0.5ರಿಂದ 2 ಸಾಕು. ಬೌಡನ್‌ನ ಸಂಖ್ಯೆಯನ್ನು ಸುಮ್ನೆ ಡೈರೆಕ್ಟ್‌ಗೆ ನಕಲು ಮಾಡಬೇಡಿ. ಕರಗಿದ ಪ್ಲಾಸ್ಟಿಕ್ ತಣ್ಣನೆಯ ಭಾಗಕ್ಕೆ ಏರಿ ಅಲ್ಲೇ ಗಟ್ಟಿಯಾಗುತ್ತದೆ, ನಾಝಲ್ ಕಟ್ಟಿಕೊಳ್ಳುತ್ತದೆ.

ಪಿಎಲ್‌ಎ ಗಟ್ಟಿ, ಅದಕ್ಕೆ ಉದ್ದ ಟ್ಯೂಬಾದರೂ ನಡೆಯುತ್ತದೆ. ಟಿಪಿಯು ಹಾಗಲ್ಲ. ತಳ್ಳಿದರೆ ಟ್ಯೂಬಿನೊಳಗೇ ಕುಗ್ಗಿ ಗೋಡೆಗೆ ಉಜ್ಜುತ್ತದೆ, ನಾಝಲ್‌ನಲ್ಲಿ ಒತ್ತಡ ತಡವಾಗಿ ಬರುತ್ತದೆ, ತಡವಾಗಿ ಇಳಿಯುತ್ತದೆ. ಗಡಸುತನದ ಅಳತೆ 95ಎ ಇರುವ ಟಿಪಿಯು ಆದರೆ ಬೌಡನ್‌ನಲ್ಲೂ ಸೆಕೆಂಡಿಗೆ 20 ಮಿ.ಮೀ. ಆಸುಪಾಸಿನಲ್ಲಿ, ರಿಟ್ರಾಕ್ಷನ್ ತುಂಬಾ ಕಡಿಮೆ ಇಟ್ಟು ಎಳೆದಾಡಬಹುದು. ನೂಲು ನೂಲಾಗಿ ಬರುವುದನ್ನು ಆಮೇಲೆ ಬ್ಲೇಡಿನಲ್ಲಿ ತೆಗೆಯಬೇಕು. 85ಎಯಂಥ ಮೆತ್ತನೆಯದ್ದಕ್ಕೆ ಆ ಸಾಹಸವೇ ಬೇಡ.

ಡೈರೆಕ್ಟ್ ಅಂದ ಮಾತ್ರಕ್ಕೆ ಕಣ್ಣುಮುಚ್ಚಿ ತಗೋಬಾರದು. ಗೇರಿನ ಕೆಳಗೆ ಫಿಲಮೆಂಟ್ ಎಲ್ಲಿ ಹೋಗುತ್ತದೆ ನೋಡಿ. ಗೇರಿಗೂ ಕೆಳಗಿನ ತೂತಿಗೂ ನಡುವೆ ಗೋಡೆಯಿಲ್ಲದ ಸಂದಿದ್ದರೆ ಟಿಪಿಯು ಅಲ್ಲೇ ಪಕ್ಕಕ್ಕೆ ಬಾಗಿ ಗೇರಿಗೆ ಸುತ್ತಿಕೊಳ್ಳುತ್ತದೆ. ಇನ್ನೊಂದು ವಿಷಯ: ಮಳೆಗಾಲದಲ್ಲಿ ಟಿಪಿಯು ತೇವ ಹೀರಿಕೊಂಡರೂ ನೂಲು ಬರುತ್ತದೆ. ನಾಝಲ್‌ನಲ್ಲಿ ಚಟಪಟ ಸದ್ದು ಕೇಳಿದರೆ ಮೊದಲು ರೋಲ್ ಒಣಗಿಸಿ, ಆಮೇಲೆ ಸೆಟ್ಟಿಂಗ್ ಮುಟ್ಟಿ.

ಇನ್ನು ತೂಕ. ಪೂರ್ಣ ಗಾತ್ರದ ನೆಮಾ 17 ಮೋಟರ್ ಹತ್ತಿರಹತ್ತಿರ 300 ಗ್ರಾಂ ತೂಗಬಹುದು, ತೆಳುವಾದ ಪ್ಯಾನ್‌ಕೇಕ್ ಮೋಟರ್ ಅದರ ಅರ್ಧದಷ್ಟು. ಭಾರದ ತಲೆ ಮೂಲೆಯಲ್ಲಿ ಗಕ್ಕನೆ ತಿರುಗಿದರೆ ಫ್ರೇಮ್ ನಡುಗಿ, ಮೂಲೆಯ ಪಕ್ಕದ ಗೋಡೆಯಲ್ಲಿ ಅಲೆ ಅಲೆಯಾದ ಗೆರೆ ಮೂಡುತ್ತದೆ. ಆಕ್ಸಲರೇಷನ್ ಇಳಿಸಿದರೆ ಕಡಿಮೆಯಾಗುತ್ತದೆ. ನಡುಕವನ್ನು ತಾನೇ ತಗ್ಗಿಸುವ ಇನ್‌ಪುಟ್ ಶೇಪಿಂಗ್ ಇರುವ ಹೊಸ ಪ್ರಿಂಟರುಗಳಲ್ಲಿ, ಡೈರೆಕ್ಟ್ ಬೇಡ ಅನ್ನಲು ಇದು ದೊಡ್ಡ ಕಾರಣವೇ ಅಲ್ಲ. ಮಿಕ್ಸಿ ಅಡಿಯ ಬುಷ್‌ನಲ್ಲಿ ಅಲೆ ಯಾರು ನೋಡ್ತಾರೆ ಅಲ್ವಾ?

ಹಾಗಾಗಿ ಈ ಅಂಗಡಿಗೆ ನನ್ನ ಆಯ್ಕೆ ಪ್ಯಾನ್‌ಕೇಕ್ ಮೋಟರಿನ ಡೈರೆಕ್ಟ್ ಡ್ರೈವ್. ಬರೀ ಪಿಎಲ್‌ಎ ಆಗಿದ್ದರೆ ಕಡಿಮೆ ಬೆಲೆಯ ಬೌಡನ್ ಸಾಕು ಅನ್ನುತ್ತಿದ್ದೆ. ಸೆಕೆಂಡ್ ಹ್ಯಾಂಡ್ ಬೌಡನ್ ನೋಡಲು ಮೈಸೂರಿಗೆ ಹೋದರೆ, ಪ್ರಿಂಟ್ ಓಡುವಾಗ ಕಪ್ಲರ್ ಹತ್ತಿರ ಟ್ಯೂಬಿನ ಮೇಲೆ ಪೆನ್ನಿನಿಂದ ಗೆರೆ ಹಾಕಿ. ಪ್ರತಿ ರಿಟ್ರಾಕ್ಷನ್‌ಗೂ ಆ ಗೆರೆ ಒಳಹೊರಗೆ ಆಡುತ್ತಿದ್ದರೆ ಕಪ್ಲರ್ ಸವೆದಿದೆ. ಬದಲಿಸಲು ದುಬಾರಿಯೇನಲ್ಲ, ಬೆಲೆ ಮಾತಾಡುವಾಗ ಹೇಳಿ.